ಹಾಡು ಮಿಡಿ ಆಗುವಾಗ ಸ್ವರಗಳು ಚೂರಾಗುವುದೇಕೆ?

ಮೈಕಿನ ಮುಂದೆ ಒಂದು ಸಾಲು ಹಾಡಿ, ಅದನ್ನು ಮಿಡಿಗೆ ಬದಲಿಸುವ ತಂತ್ರಾಂಶಕ್ಕೆ ಕೊಟ್ಟು ನೋಡಿದವರಿಗೆ ಈ ಅನುಭವ ಹೊಸದಲ್ಲ. ಹಾಡಿದ್ದು ಮೂರೇ ಸ್ವರ, ಪರದೆಯ ಮೇಲೆ ಬಂದದ್ದು ಇಪ್ಪತ್ತಕ್ಕೂ ಹೆಚ್ಚು ಚೂರು. ಒಂದು ಚೂರು ಕಾರಣವಿಲ್ಲದೆ ಮೇಲಿನ ಸ್ಥಾಯಿಗೆ ಹಾರಿದೆ, ಇನ್ನೆರಡು ಸ್ವರಗಳ ನಡುವಿನ ಅಂತರವೇ ಬದಲಾಗಿದೆ. ಆಗ ಎಲ್ಲರೂ ದೂರುವುದು ಪಿಚ್ ಪತ್ತೆ ಮಾಡುವ ಭಾಗವನ್ನು. ಆದರೆ ಒಂದೇ ಕಂಠ, ಸದ್ದಿಲ್ಲದ ಕೋಣೆ, ಹಿನ್ನೆಲೆ ವಾದ್ಯವಿಲ್ಲದ ಧ್ವನಿಮುದ್ರಣ ಇಷ್ಟಿದ್ದರೆ ಪಿಚ್ ಅಳತೆ ಬಹುಪಾಲು ಸರಿಯಾಗಿಯೇ ಇರುತ್ತದೆ. ಅದು ಮಾಡುವ ದೊಡ್ಡ ತಪ್ಪು ಒಂದೇ ಬಗೆಯದು, ಅದನ್ನು ಹಿಡಿಯುವುದೂ ಸುಲಭ. ಉಳಿದ ಅನಾಹುತವೆಲ್ಲ ಅಳತೆ ಮುಗಿದ ಮೇಲೆ, ಆ ಅಳತೆಯನ್ನು ಸ್ವರವೆಂದು ತೀರ್ಮಾನಿಸುವ ಹಂತದಲ್ಲಿ ನಡೆಯುತ್ತದೆ.

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ಒಬ್ಬ ಗಾಯಕಿ ಶ್ರುತಿಯ ಆಸರೆಯಿಲ್ಲದೆ, ತಮಗೆ ಹಿತವೆನಿಸಿದ ಎತ್ತರದಲ್ಲಿ, 'ಲೋ ಲೋ ಲೋ' ಎಂದು ಸ, ರಿ, ಗ ಹಾಡುತ್ತಾರೆ. ಅಂತರಗಳು ಕೀಬೋರ್ಡಿನ ಸಿ, ಡಿ, ಇ ಮನೆಗಳ ಹಾಗೆ, ಒಂದೊಂದಕ್ಕೂ ಎರಡು ಸೆಮಿಟೋನ್. ಅವರ ಸ 270 ಹರ್ಟ್ಸ್‌ನಲ್ಲಿದೆ. ಕೊನೆಯ ಗವನ್ನು ಎರಡು ಸೆಕೆಂಡು ಹಿಡಿದು, ದನಿಯನ್ನು ತುಸು ಅಲುಗಿಸುತ್ತಾರೆ.

ಮಿಡಿಗೆ ಧ್ವನಿಯ ಪರಿಚಯವಿಲ್ಲ. 1983ರಲ್ಲಿ ಬಂದ ಈ ವ್ಯವಸ್ಥೆ ಕೀಬೋರ್ಡುಗಳು ಪರಸ್ಪರ ಮಾತಾಡಲೆಂದು ಹುಟ್ಟಿದ್ದು. ಹಾಗಾಗಿ ಅದಕ್ಕೆ ಮುಖ್ಯವಾಗಿ ಗೊತ್ತಿರುವುದು ಯಾವ ಮನೆ ಒತ್ತಿತು, ಎಷ್ಟು ಜೋರಾಗಿ, ಯಾವಾಗ ಬಿಟ್ಟಿತು ಎಂಬುದು. ಮನೆಗಳಿಗೆ 0ಯಿಂದ 127ರವರೆಗೆ ಸಂಖ್ಯೆಗಳಿವೆ. 440 ಹರ್ಟ್ಸ್‌ಗೆ 69, ಪಿಯಾನೋದ ನಡುವಿನ ಸಿಗೆ 60. ಆವರ್ತನದಿಂದ ಈ ಸಂಖ್ಯೆಗೆ ಬರುವ ಸೂತ್ರ ಇದು:

```
m = 69 + 12 * log2(f / 440)
```

270 ಹರ್ಟ್ಸ್ ಹಾಕಿದರೆ 60.55 ಬರುತ್ತದೆ. ಆ ದಶಾಂಶದ ಭಾಗವನ್ನು ಮರೆಯಬೇಡಿ, ಮುಂದೆ ಅದೇ ಕಾಡಲಿದೆ. ದಶಾಂಶದ 0.01ಕ್ಕೆ ಒಂದು ಸೆಂಟ್ ಎನ್ನುತ್ತಾರೆ. ಅಂದರೆ ಈ ಸ 60ನೇ ಮನೆಗಿಂತ 55 ಸೆಂಟ್ ಮೇಲಿದೆ, 61ನೇ ಮನೆಗಿಂತ 45 ಸೆಂಟ್ ಕೆಳಗಿದೆ.

ಪಿಚ್ ಅಳೆಯುವುದೆಂದರೆ ಅಲೆ ಎಷ್ಟು ಹೊತ್ತಿಗೊಮ್ಮೆ ಮರುಕಳಿಸುತ್ತದೆ ಎಂದು ನೋಡುವುದು. ಫ್ರೇಮು ಎನ್ನುವ ಧ್ವನಿಯ ಸಣ್ಣ ತುಂಡೊಂದನ್ನು ಎತ್ತಿಕೊಂಡು, ಅದರದೇ ಪ್ರತಿಯನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತ, ಎರಡೂ ಯಾವಾಗ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ ಎಂದು ಹುಡುಕಬೇಕು. ಸೆಕೆಂಡಿಗೆ 44,100 ಮಾದರಿಗಳ ಧ್ವನಿಮುದ್ರಣದಲ್ಲಿ 270 ಹರ್ಟ್ಸ್ ಅಲೆ ಸುಮಾರು 163 ಮಾದರಿಗೊಮ್ಮೆ ಮರಳುತ್ತದೆ. 163 ಮಾದರಿ ಸರಿಸಿದಾಗ ವ್ಯತ್ಯಾಸ ಕುಸಿಯುತ್ತದೆ, ಆ ಕುಳಿಯೇ ಉತ್ತರ. 2002ರಲ್ಲಿ ದ ಶವೆನ್ಯೆ ಮತ್ತು ಕವಾಹರ ಪ್ರಕಟಿಸಿದ ಯಿನ್ ವಿಧಾನದ ತಿರುಳು ಇದು. ಕಂಠದ ಪಿಚ್ ಅಳೆಯುವ ಬಹಳಷ್ಟು ಸಾಧನಗಳಲ್ಲಿ ಇಂದಿಗೂ ಇದರದೇ ರೂಪಾಂತರಗಳಿವೆ.

ಇಲ್ಲಿಯೇ ಆ ದೊಡ್ಡ ತಪ್ಪಿನ ಬೇರಿದೆ. 163ಕ್ಕೊಮ್ಮೆ ಮರಳುವ ಅಲೆ 326ಕ್ಕೊಮ್ಮೆಯೂ ಮರಳುತ್ತದಲ್ಲ! ಅಲ್ಲಿಯೂ ಒಂದು ಕುಳಿ ಇರುತ್ತದೆ, ಅದನ್ನು ಆರಿಸಿಕೊಂಡರೆ ಉತ್ತರ 135 ಹರ್ಟ್ಸ್, ಒಂದು ಸ್ಥಾಯಿ ಕೆಳಗೆ. ಎದುರು ದಿಕ್ಕಿನ ತಪ್ಪೂ ಇದೆ, ಮತ್ತು ನಮ್ಮ 'ಲೋ' ಅದಕ್ಕೆ ಹೇಳಿಮಾಡಿಸಿದ ಅಕ್ಷರ. ಕಂಠದಿಂದ ಹೊರಡುವುದು 270 ಹರ್ಟ್ಸ್ ಒಂದೇ ಅಲ್ಲ, ಅದರ ಜೊತೆಗೆ 540, 810, 1080 ಹೀಗೆ ಹಾರ್ಮೋನಿಕ್‌ಗಳ ಸಾಲೇ ಇರುತ್ತದೆ. ಬಾಯಿಯ ಆಕಾರ ಇವುಗಳಲ್ಲಿ ಕೆಲವನ್ನು ಉಬ್ಬಿಸುತ್ತದೆ. 'ಓ' ಎನ್ನುವಾಗ ಬಾಯಿಯ ಮೊದಲ ಅನುರಣನ ಸುಮಾರು 500 ಹರ್ಟ್ಸ್‌ನ ಆಸುಪಾಸಿನಲ್ಲಿರುತ್ತದೆ, ಹಾಗಾಗಿ 540ರ ಹಾರ್ಮೋನಿಕ್ ಉಳಿದವನ್ನು ಮುಚ್ಚುವಷ್ಟು ಜೋರಾಗಬಹುದು. ಅದೊಂದೇ ಮೆರೆದಾಗ ಅಲೆ 82 ಮಾದರಿಗೊಮ್ಮೆಯೇ ಮರಳಿದ ಹಾಗೆ ಕಾಣುತ್ತದೆ. ಯಿನ್ ತನ್ನ ಮಿತಿಗಿಂತ ಕೆಳಗಿಳಿದ ಮೊದಲ ಕುಳಿಯನ್ನೇ ಆರಿಸಿಕೊಳ್ಳುವುದರಿಂದ 540ನ್ನು ಹೇಳಿಬಿಡುತ್ತದೆ. ಅದೇ ಗಾಯಕಿ ಅದೇ ಎತ್ತರದಲ್ಲಿ 'ಆ' ಎಂದಿದ್ದರೆ ಈ ತಪ್ಪು ಆಗದೆ ಇರುವ ಸಾಧ್ಯತೆಯೇ ಹೆಚ್ಚು. ಹಾಡಿನಲ್ಲಿ ಕೆಲವು ಅಕ್ಷರಗಳು ಮಾತ್ರ ಹಾರುತ್ತಿದ್ದರೆ ಸ್ವರವನ್ನು ಅನುಮಾನಿಸುವ ಮೊದಲು ಆ ಅಕ್ಷರಗಳ ಸ್ವರಾಕ್ಷರವನ್ನು ನೋಡಬೇಕು.

ಈ ತಪ್ಪಿನ ಗುರುತು ಸ್ಪಷ್ಟ. ಪಿಚ್ ಗೆರೆ ಒಂದೇ ಫ್ರೇಮಿನಲ್ಲಿ ಕರಾರುವಾಕ್ಕಾಗಿ 12 ಸೆಮಿಟೋನ್ ಹಾರುತ್ತದೆ, ಸ್ವಲ್ಪ ಹೊತ್ತಿಗೆ ಅಷ್ಟೇ ಕರಾರುವಾಕ್ಕಾಗಿ ಮರಳುತ್ತದೆ. ಒಂದು ಫ್ರೇಮಿನಿಂದ ಮುಂದಿನದಕ್ಕೆ ಇರುವ ಸುಮಾರು ಹನ್ನೆರಡು ಮಿಲಿಸೆಕೆಂಡಿನಲ್ಲಿ ಒಂದು ಸ್ಥಾಯಿ ಜಿಗಿಯಲು ಮನುಷ್ಯರ ಗಂಟಲಿಗೆ ಆಗದು. ನಿಜವಾದ ಜಿಗಿತದಲ್ಲಿ ಒಂದೋ ನಡುವೆ ಜಾರು ಕಾಣುತ್ತದೆ, ಇಲ್ಲವೇ ಒಂದು ವ್ಯಂಜನ ಬಂದು ಗೆರೆ ಕಡಿದಿರುತ್ತದೆ.

ಮದ್ದೂ ಸರಳ. 2014ರಲ್ಲಿ ಮಾಕ್ ಮತ್ತು ಡಿಕ್ಸನ್ ತಂದ ಪಿ-ಯಿನ್ ಒಂದೇ ಕುಳಿಗೆ ಜೋತುಬೀಳುವುದಿಲ್ಲ. ಪ್ರತಿ ಫ್ರೇಮಿಗೂ ಹಲವು ಅಭ್ಯರ್ಥಿಗಳನ್ನು ಅವುಗಳ ಸಂಭವನೀಯತೆಯ ಜೊತೆ ಇಟ್ಟುಕೊಂಡು, ಇಡೀ ಸಾಲಿಗೆ ಹೆಚ್ಚು ಸಹಜವಾದ ದಾರಿಯನ್ನು ಆರಿಸುತ್ತದೆ. ಒಂದು ಫ್ರೇಮಿಗೆ ಮಾತ್ರ ಹಾರಿ ಬರುವ ದಾರಿ ಅಲ್ಲಿ ಸೋಲುತ್ತದೆ. ಅದಕ್ಕೂ ಮೊದಲು ನೀವೇ ಮಾಡಬಹುದಾದ ಒಂದು ಕೆಲಸವಿದೆ: ಹುಡುಕುವ ವ್ಯಾಪ್ತಿಯನ್ನು ಕಿರಿದಾಗಿಸುವುದು. ಪೈಥಾನ್ ಭಾಷೆಯಲ್ಲಿ, librosa ಬಳಸಿ, ಅದು ಹೀಗೆ:

```python
import librosa
y, sr = librosa.load("haadu.wav", sr=44100)
f0, voiced, prob = librosa.pyin(
    y, fmin=180, fmax=500, sr=sr, frame_length=2048)
m = librosa.hz_to_midi(f0)
```

ನಮ್ಮ ಮೂರು ಸ್ವರಗಳು 270ರಿಂದ 340 ಹರ್ಟ್ಸ್ ಒಳಗಿವೆ, ಅಲುಗಿದರೂ 360 ದಾಟುವುದಿಲ್ಲ. ಕೆಳಗೆ 180, ಮೇಲೆ 500 ಎಂದು ಗೋಡೆ ಕಟ್ಟಿದರೆ 135ಕ್ಕೂ 540ಕ್ಕೂ ಒಳಗೆ ಜಾಗವೇ ಇಲ್ಲ. ಹೆಚ್ಚಿನವರು ಈ ಎರಡು ಸಂಖ್ಯೆಗಳನ್ನು ಗಂಡು ಹೆಣ್ಣು ಎಲ್ಲ ಕಂಠಗಳಿಗೂ ಆಗಲಿ ಎಂದು ವಿಶಾಲವಾಗಿ ಇಟ್ಟುಬಿಡುತ್ತಾರೆ. ಅಷ್ಟರಿಂದಲೇ ಅರ್ಧ ತೊಂದರೆ ಶುರುವಾಗುತ್ತದೆ. ಹಾಡು ಒಂದು ಸ್ಥಾಯಿಗಿಂತ ಹೆಚ್ಚು ಹರಡಿಕೊಂಡಿದ್ದರೆ ಮಾತ್ರ ಈ ಗೋಡೆ ಪೂರ್ತಿ ಕಾಯಲಾರದು. ಆಗ ಸಾಲು ಸಾಲಾಗಿ ಬಿಡಿಸಿ, ಪ್ರತಿ ಸಾಲಿಗೂ ಬೇರೆ ವ್ಯಾಪ್ತಿ ಕೊಡುವುದು ಲೇಸು. ಸಾಲಿನ ಕೊನೆಯಲ್ಲಿ ಉಸಿರು ಮುಗಿದು ದನಿ ಗರಗರ ಎನ್ನುವಾಗ ಅಲೆಯೇ ನಿಜವಾಗಿ ಎರಡು ಸುತ್ತಿಗೊಮ್ಮೆ ಮರುಕಳಿಸತೊಡಗುತ್ತದೆ. ಅಲ್ಲಿ ಯಂತ್ರ ಕೆಳಗಿನ ಸ್ಥಾಯಿ ಹೇಳಿದರೆ ಅದನ್ನು ಅಳತೆಯ ತಪ್ಪೆನ್ನಲಾಗದು, ಆ ತುಂಡನ್ನು ಕೈಯಿಂದಲೇ ತೆಗೆಯಬೇಕು.

ಇನ್ನು ಹಿನ್ನೆಲೆಯಲ್ಲಿ ಶ್ರುತಿಪೆಟ್ಟಿಗೆಯೋ ಗಿಟಾರೋ ಕೇಳುತ್ತಿದ್ದರೆ, ಗಾಯಕಿ ಉಸಿರೆಳೆದುಕೊಳ್ಳುವ ಸಂದಿನಲ್ಲಿ ಯಂತ್ರ ಅದನ್ನೇ ಹಾಡೆಂದು ಹಿಡಿಯುತ್ತದೆ. ಇದಕ್ಕೆ ಇಯರ್‌ಫೋನ್ ಹಾಕಿಕೊಂಡು ಹಾಡುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಈಗ ನಮ್ಮ ಕೈಯಲ್ಲಿ m ಎಂಬ ಗೆರೆ ಇದೆ. ಸುಮಾರು 11.6 ಮಿಲಿಸೆಕೆಂಡಿಗೊಂದು ಬಿಂದು, ಪ್ರತಿ ಬಿಂದುವೂ ದಶಾಂಶ ಸಂಖ್ಯೆ. ಅಳತೆ ಮುಗಿಯಿತು. ಇಲ್ಲಿಂದ ಮಿಡಿಗೆ ಹೋಗಲು ಮೊದಲು ಹೊಳೆಯುವ ದಾರಿ ಎಂದರೆ ಪ್ರತಿ ಬಿಂದುವನ್ನೂ ಹತ್ತಿರದ ಪೂರ್ಣಾಂಕಕ್ಕೆ ತಂದು, ಅಕ್ಕಪಕ್ಕ ಒಂದೇ ಸಂಖ್ಯೆ ಇದ್ದ ಬಿಂದುಗಳನ್ನು ಕೂಡಿಸಿ ಒಂದು ಸ್ವರವೆನ್ನುವುದು. ಬಹಳ ಜನ ಮಾಡುವುದು ಇದನ್ನೇ, ಕೆಡುವುದೂ ಇಲ್ಲಿಯೇ.

ನಮ್ಮ ಗಾಯಕಿಯ ಮೂರು ಸ್ವರಗಳ ಅಳತೆ ಹೀಗಿದೆ ಎನ್ನೋಣ: ಸ 270 ಹರ್ಟ್ಸ್, ಅಂದರೆ 60.55. ರಿ 301.4 ಹರ್ಟ್ಸ್, ಅಂದರೆ 62.45. ಗ 339.7 ಹರ್ಟ್ಸ್, ಅಂದರೆ 64.52. ರಿ ಒಂದು ಹತ್ತು ಸೆಂಟ್‌ನಷ್ಟು ಕೆಳಗಿದೆ, ಅಷ್ಟನ್ನು ಯಾವ ಕಿವಿಯೂ ಆಕ್ಷೇಪಿಸುವುದಿಲ್ಲ. ಪೂರ್ಣಾಂಕಕ್ಕೆ ತಂದಾಗ ಸಿಗುವುದು 61, 62, 65. ಸ ಮತ್ತು ರಿ ನಡುವೆ ಎರಡು ಸೆಮಿಟೋನ್ ಇದ್ದದ್ದು ಒಂದಾಯಿತು, ರಿ ಮತ್ತು ಗ ನಡುವೆ ಎರಡಿದ್ದದ್ದು ಮೂರಾಯಿತು. ಹಾಡಿದ್ದರಲ್ಲಿ ತಪ್ಪಿಲ್ಲ, ಅಳತೆಯಲ್ಲೂ ತಪ್ಪಿಲ್ಲ, ಆದರೂ ರಾಗವೇ ಬೇರೆಯಾಗಿದೆ.

ಗದ ಕಥೆ ಇನ್ನೂ ಕೆಟ್ಟದು. ಹಾಡುವ ಕಂಠದ ವೈಬ್ರಾಟೊ ಸಾಮಾನ್ಯವಾಗಿ ಸೆಕೆಂಡಿಗೆ 5ರಿಂದ 7 ಬಾರಿ ಅಲುಗುತ್ತದೆ, ನಡುಮಟ್ಟದಿಂದ ಮೇಲೆ ಕೆಳಗೆ 50ರಿಂದ 100 ಸೆಂಟ್ ಹೋಗುವುದು ತೀರ ಸಹಜ. ಇಲ್ಲಿ ಸೆಕೆಂಡಿಗೆ 6 ಬಾರಿ, 70 ಸೆಂಟ್ ಎಂದಿಟ್ಟುಕೊಳ್ಳಿ. ಗೆರೆ 63.82ರಿಂದ 65.22ರವರೆಗೆ ತೂಗುತ್ತ, ಪ್ರತಿ ತೂಗಿನಲ್ಲೂ 64.5ರ ಗಡಿಯನ್ನು ಎರಡು ಬಾರಿ ದಾಟುತ್ತದೆ. ಎರಡು ಸೆಕೆಂಡಿನಲ್ಲಿ 12 ತೂಗು, ಆದ್ದರಿಂದ ಒಂದೇ ಒಂದು ಗ 64, 65, 64, 65 ಎಂದು ಸುಮಾರು 24 ಚೂರುಗಳಾಗುತ್ತದೆ. ಒಂದೊಂದು ಚೂರೂ ಸುಮಾರು 83 ಮಿಲಿಸೆಕೆಂಡು. 50 ಮಿಲಿಸೆಕೆಂಡಿಗಿಂತ ಚಿಕ್ಕ ಸ್ವರಗಳನ್ನು ಅಳಿಸು ಎಂದರೆ ಒಂದೂ ಹೋಗದು, 100ಕ್ಕಿಂತ ಚಿಕ್ಕದ್ದನ್ನು ಅಳಿಸು ಎಂದರೆ ಇಡೀ ಗವೇ ಮಾಯ. ಚಿಕ್ಕ ಸ್ವರಗಳನ್ನು ಅಳಿಸುವ ಆ ಸೆಟ್ಟಿಂಗನ್ನು ಎಷ್ಟು ತಿರುಗಿಸಿದರೂ ಸರಿಹೋಗದಿರುವುದಕ್ಕೆ ಇದೇ ಕಾರಣ.

ಸರಿಯಾದ ಕ್ರಮ ತಲೆಕೆಳಗು. ಮೊದಲು ಗೆರೆಯನ್ನು ಸ್ವರಗಳಾಗಿ ಕತ್ತರಿಸಬೇಕು, ದಶಾಂಶಗಳನ್ನು ಮುಟ್ಟದೆ. ಪೂರ್ಣಾಂಕಕ್ಕೆ ತರುವುದು ಎಲ್ಲಕ್ಕಿಂತ ಕೊನೆಗೆ, ಪ್ರತಿ ಸ್ವರಕ್ಕೂ ಒಂದೇ ಬಾರಿ.

ಕತ್ತರಿಸುವುದು ಹೇಗೆ? ವೈಬ್ರಾಟೊವನ್ನು ಸಮತಟ್ಟು ಮಾಡಬೇಕಾದರೆ ಒಂದು ಪೂರ್ತಿ ತೂಗಿನಷ್ಟು ಉದ್ದದ ಕಿಂಡಿಯಲ್ಲಿ ಮಧ್ಯಾಂಕ ತೆಗೆಯಬೇಕು. ಸೆಕೆಂಡಿಗೆ 6 ತೂಗಾದರೆ ಒಂದಕ್ಕೆ 167 ಮಿಲಿಸೆಕೆಂಡು, ಹತ್ತಿರ ಹತ್ತಿರ 15 ಫ್ರೇಮು. ಅದಕ್ಕಿಂತ ಕಿರಿದಾದ ಕಿಂಡಿ ಅಲೆಯನ್ನು ತಗ್ಗಿಸುತ್ತದೆಯೇ ಹೊರತು ಅಳಿಸುವುದಿಲ್ಲ. ಹೀಗೆ ತಟ್ಟಾದ ಗೆರೆ ಈಗಿನ ಸ್ವರದ ನಡುಮಟ್ಟದಿಂದ ಅರ್ಧ ಸೆಮಿಟೋನಿಗಿಂತ ತುಸು ಹೆಚ್ಚು ದೂರ ಹೋಗಿ, ಅಲ್ಲಿಯೇ ಒಂದಿಷ್ಟು ಹೊತ್ತು ನಿಂತರೆ ಮಾತ್ರ ಹೊಸ ಸ್ವರ ಎಂದು ಒಪ್ಪಬೇಕು. ಹೋಗಿ ಬಂದದ್ದಕ್ಕೆಲ್ಲ ಸ್ವರದ ಪಟ್ಟ ಕಟ್ಟಬಾರದು.

ಇದಕ್ಕೆ ತೆರಬೇಕಾದ ಬೆಲೆ ಇದೆ. ನಿಮಿಷಕ್ಕೆ 120 ಬಡಿತದ ಲಯದಲ್ಲಿ ಒಂದು ಬಡಿತಕ್ಕೆ ನಾಲ್ಕು ಸ್ವರ ಹಾಡಿದರೆ ಒಂದೊಂದಕ್ಕೂ ಸಿಗುವುದು 125 ಮಿಲಿಸೆಕೆಂಡು. 167ರ ಕಿಂಡಿಯೊಳಗೆ ನೆರೆಯ ಸ್ವರಗಳೂ ಸೇರಿಕೊಂಡು, ಜಾರು ತುಂಬಿದ ಇಂಥ ಚಿಕ್ಕ ಸ್ವರಗಳು ಕಳೆದುಹೋಗಬಹುದು. ಹಿಡಿದ ಸ್ವರಕ್ಕೂ ವೇಗದ ಸ್ವರಗಳಿಗೂ ಒಂದೇ ಕಿಂಡಿ ಹೊಂದುವುದಿಲ್ಲ, ಇದರಿಂದ ಪೂರ್ತಿ ತಪ್ಪಿಸಿಕೊಳ್ಳುವ ದಾರಿ ನನಗೆ ಕಂಡಿಲ್ಲ. ವೇಗದ ಭಾಗವನ್ನು ಬೇರೆಯಾಗಿ, ಕಿರಿದಾದ ಕಿಂಡಿಯಲ್ಲಿ ಓಡಿಸಿ ಜೋಡಿಸುವುದೇ ನಂಬಬಹುದಾದ ಕೆಲಸ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಟೋನಿ ಎಂಬ ಉಚಿತ ತಂತ್ರಾಂಶ ಇದನ್ನು ಸಂಭವನೀಯತೆಯ ಲೆಕ್ಕದಲ್ಲಿ ಮಾಡುತ್ತದೆ, ಸ್ವರದ ಆರಂಭ ಮತ್ತು ಅದರ ಸ್ಥಿರ ಭಾಗವನ್ನು ಬೇರೆ ಬೇರೆ ಸ್ಥಿತಿಗಳೆಂದು ಪರಿಗಣಿಸುತ್ತದೆ. ಅದರಲ್ಲಿ ನನಗೆ ತುಂಬ ಹಿಡಿಸುವುದು ಬೇರೆಯದೇ ಸಂಗತಿ: ಪಿಚ್ ಗೆರೆ, ಸ್ವರದ ಪಟ್ಟಿಗಳು ಎರಡೂ ಒಂದರ ಮೇಲೊಂದು ಕಾಣುತ್ತವೆ, ಮೂಲ ಹಾಡಿನ ಜೊತೆಯಲ್ಲೇ ಅವುಗಳನ್ನು ನುಡಿಸಿ ಕೇಳಬಹುದು. ತಪ್ಪು ಅಳತೆಯದೋ ತೀರ್ಮಾನದ್ದೋ ಎಂದು ತಿಳಿಯಲು ಇದಕ್ಕಿಂತ ನೇರ ಪರೀಕ್ಷೆ ಇಲ್ಲ. ಗೆರೆಯನ್ನು ನುಡಿಸಿದಾಗ ಹಾಡು ಸರಿಯಾಗಿ ಕೇಳಿ, ಪಟ್ಟಿಗಳನ್ನು ನುಡಿಸಿದಾಗ ಕೆಟ್ಟರೆ ಪಿಚ್ ಪತ್ತೆಯನ್ನು ಬಿಟ್ಟು ಕತ್ತರಿಸುವಿಕೆಯ ಕಡೆ ನೋಡಬೇಕು.

ಪಿಚ್ ಒಂದರಿಂದಲೇ ಕತ್ತರಿಸಲಾಗದ ಜಾಗವೂ ಇದೆ. 'ಲೋ ಲೋ ಲೋ' ಎಂಬುದನ್ನು ಮೂರು ಬಾರಿಯೂ ಸದಲ್ಲೇ ಹಾಡಿದರೆ? 'ಲ' ಘೋಷ ಅಕ್ಷರ, ಅದನ್ನು ಉಚ್ಚರಿಸುವಾಗ ಗಂಟಲಿನ ಕಂಪನ ನಿಲ್ಲುವುದೇ ಇಲ್ಲ. ಗೆರೆ ಅಲ್ಲಲ್ಲಿ ತುಸು ಜಗ್ಗಿ ಮುಂದುವರಿಯುತ್ತದೆ, ಯಂತ್ರ ಮೂರನ್ನೂ ಬೆಸೆದು ಒಂದು ಉದ್ದ ಸ್ವರ ಕೊಡುತ್ತದೆ. 'ಮ', 'ನ' ಕೂಡ ಹೀಗೆಯೇ. ಅದೇ 'ತ', 'ಕ', 'ಸ' ಬಂದರೆ ಕಂಪನ ನಿಂತು ಗೆರೆ ಕಡಿಯುತ್ತದೆ, ಸ್ವರಗಳು ತಾವಾಗಿ ಬೇರೆಯಾಗುತ್ತವೆ. ಆದರೆ 'ಮಸ್ತು' ಎಂಬಂಥ ಪದದಲ್ಲಿ ನಡುವಿನ 'ಸ್ತ್' ಬಿಡುವು ಕೊಟ್ಟಿತೆಂದು, ಒಂದೇ ಸ್ವರದ ಮೇಲೆ ಕೂತ ಪದವೂ ಎರಡಾಗುತ್ತದೆ. ಪಿಚ್ ಗೆರೆಯ ಜೊತೆ ಧ್ವನಿಯ ಬಲವನ್ನೂ ನೋಡುವ ಸಾಧನಗಳು ಇಲ್ಲಿ ಗೆಲ್ಲುತ್ತವೆ: 'ಲ' ಬಂದಾಗ ಪಿಚ್ ಬದಲಾಗದಿದ್ದರೂ ಬಲ ಒಂದು ಕ್ಷಣ ಇಳಿದು ಏರುತ್ತದೆ. ಸಾಹಿತ್ಯ ಬೇಕಿಲ್ಲ, ರಾಗದ ಸ್ವರಗಳಷ್ಟೇ ಸಾಕು ಎನ್ನುವವರು 'ದ ದ ದ' ಎಂದು ಹಾಡುವುದು ಒಳ್ಳೆಯದು. 'ದ' ನಾಲಿಗೆಯಿಂದ ದಾರಿ ಮುಚ್ಚಿ ಬಿಡುವ ಅಕ್ಷರ, ಅದರ ಬಲದ ಕುಸಿತ 'ಲ'ಗಿಂತ ಎಷ್ಟೋ ಎದ್ದು ಕಾಣುತ್ತದೆ.

ವ್ಯಂಜನಗಳು ಗೆರೆಯ ಅಂಚನ್ನೂ ಎಳೆದಾಡುತ್ತವೆ. ಅಘೋಷ ವ್ಯಂಜನದ ನಂತರ ಪಿಚ್ ತುಸು ಮೇಲಿನಿಂದ, 'ಬ', 'ಗ'ದಂಥ ಘೋಷ ವ್ಯಂಜನದ ನಂತರ ತುಸು ಕೆಳಗಿನಿಂದ ಶುರುವಾಗುವ ಒಲವಿದೆ. ಅದರ ಮೇಲೆ ಹಾಡುಗಾರರು ಬೇಕೆಂದೇ ಕೆಳಗಿನಿಂದ ಜಾರಿ ಸ್ವರಕ್ಕೆ ಏರುವುದೂ ಉಂಟು. ಆದ್ದರಿಂದ ಕತ್ತರಿಸಿದ ಸ್ವರದ ಎತ್ತರವನ್ನು ನಿರ್ಧರಿಸುವಾಗ ಮೊದಲ ಮತ್ತು ಕೊನೆಯ ಭಾಗವನ್ನು ಬಿಟ್ಟು, ನಡುಭಾಗದ ಮಧ್ಯಾಂಕವನ್ನು ತೆಗೆದುಕೊಳ್ಳಿ. ಇಡೀ ತುಂಡಿನ ಸರಾಸರಿ ತೆಗೆದರೆ ಜಾರಿನ ಭಾರಕ್ಕೆ ಸ್ವರ ಕೆಳಗೆ ವಾಲುತ್ತದೆ.

ಈಗ ನಮ್ಮ ಬಳಿ ಮೂರು ಸ್ವರ, ಮೂರು ಮಧ್ಯಾಂಕ: 60.55, 62.45, 64.52. ಇನ್ನೂ ಪೂರ್ಣಾಂಕಕ್ಕೆ ತಂದಿಲ್ಲ. ಅದಕ್ಕೆ ಮೊದಲು ಕೇಳಬೇಕಾದದ್ದು, ಈ ಗಾಯಕಿಯ ಶ್ರುತಿ ಕೀಬೋರ್ಡಿನ ಮನೆಗಳಿಂದ ಎಷ್ಟು ಸರಿದಿದೆ? ದಶಾಂಶಗಳು 0.55, 0.45, 0.52. ಮೂರೂ ಒಂದೇ ಕಡೆ ಗುಂಪುಗೂಡಿವೆ, ಅಂದರೆ ಅವರು ತಮ್ಮ ಸಕ್ಕೆ ನಿಷ್ಠರಾಗಿದ್ದಾರೆ, ಆ ಸ ಮಾತ್ರ ಎರಡು ಮನೆಗಳ ನಡುವೆ ಕೂತಿದೆ. ಆ ಸರಿತವನ್ನು ಕಳೆದು ಆಮೇಲೆ ಪೂರ್ಣಾಂಕ ಮಾಡಬೇಕು. ದಶಾಂಶಗಳ ಸಾಮಾನ್ಯ ಸರಾಸರಿ ತೆಗೆಯುವಂತಿಲ್ಲ, ಏಕೆಂದರೆ 0.98 ಮತ್ತು 0.02 ನಿಜದಲ್ಲಿ ನೆರೆಹೊರೆಯವು, ಅವುಗಳ ಸರಾಸರಿ 0.5 ಎನ್ನುವುದು ಅಸಂಬದ್ಧ. ಗಡಿಯಾರದ ಮುಳ್ಳಿನಂತೆ ಸುತ್ತು ಬರುವ ಅಳತೆ ಇದು, ಸರಾಸರಿಯನ್ನೂ ವೃತ್ತದ ಮೇಲೆಯೇ ತೆಗೆಯಬೇಕು.

```python
import numpy as np
notes = np.array([60.55, 62.45, 64.52])
off = np.angle(np.mean(np.exp(2j*np.pi*notes))) / (2*np.pi)
print(np.round(notes - off))   # [61. 63. 65.]
```

61, 63, 65. ಅಂತರಗಳು ಎರಡು, ಎರಡು. ರಾಗ ಮರಳಿ ಬಂತು. 60, 62, 64 ಎಂದು ಬಂದಿದ್ದರೂ ಅಷ್ಟೇ ಸರಿಯಾಗಿರುತ್ತಿತ್ತು, ನಡುವೆ ಕೂತ ಸವನ್ನು ಯಾವ ಮನೆಗೆ ಸೇರಿಸಬೇಕೆಂಬುದು ನಿಮ್ಮ ಆಯ್ಕೆ. ಆಸರೆಯಿಲ್ಲದೆ ಬಹಳ ಹೊತ್ತು ಹಾಡಿದಾಗ ಶ್ರುತಿ ನಿಧಾನವಾಗಿ ಜರುಗುವುದುಂಟು. ಆಗ ಇಡೀ ಹಾಡಿಗೆ ಒಂದೇ ಸರಿತ ಸಾಲದು, ಒಂದೊಂದು ಸಾಲಿಗೂ ಬೇರೆ ತೆಗೆಯಬೇಕು.

ಈ ಲೆಕ್ಕವನ್ನು ಸ್ವರಗಳ ಮಧ್ಯಾಂಕದ ಮೇಲೆ ಮಾಡಿದ್ದೇಕೆ, ನೇರವಾಗಿ ಎಲ್ಲ ಫ್ರೇಮುಗಳ ಮೇಲೆ ಮಾಡಬಾರದಿತ್ತೇ? ಮಾಡಬಾರದು. ಅಲುಗುವ ದನಿ ಹೆಚ್ಚು ಹೊತ್ತು ಇರುವುದು ನಡುಮಟ್ಟದಲ್ಲಲ್ಲ, ತಿರುವುಗಳಲ್ಲಿ, ಅಂದರೆ ತುತ್ತತುದಿಯಲ್ಲೂ ತಳದಲ್ಲೂ. 65ರ ಸುತ್ತ 70 ಸೆಂಟ್ ತೂಗುವ ದನಿಯ ತಿರುವುಗಳು 65.7 ಮತ್ತು 64.3ರಲ್ಲಿವೆ. ಅವುಗಳ ದಶಾಂಶಗಳು 0.7 ಮತ್ತು 0.3, ಎರಡರ ನಡುವಿನ ಬಿಂದು 0.5. ಹೀಗೆ ಕೀಬೋರ್ಡಿಗೆ ಸರಿಯಾಗಿ ಹೊಂದಿಕೊಂಡ ಸ್ವರವನ್ನೇ ಯಂತ್ರ ಅರ್ಧ ಸೆಮಿಟೋನ್ ಸರಿದಿದೆ ಎಂದು ಓದುತ್ತದೆ. ಲೆಕ್ಕ ಹಾಕಿದರೆ, ತೂಗು ಸುಮಾರು 38 ಸೆಂಟ್ ದಾಟಿದ ಕೂಡಲೇ ಈ ತಿರುಗುಮುರುಗು ಶುರುವಾಗುತ್ತದೆ, 70ರಲ್ಲಂತೂ ಖಚಿತ. ವೈಬ್ರಾಟೊ ಹೆಚ್ಚಿರುವ ಹಾಡುಗಾರರ ಮಿಡಿಯಲ್ಲಿ ಅಂತರಗಳು ಕಾರಣವಿಲ್ಲದೆ ಹದಗೆಟ್ಟಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನು.

ಪೂರ್ಣಾಂಕ ಮಾಡುವಾಗ ಕಳೆದುಹೋಗುವ ಜಾರು, ಅಲುಗು ಎಲ್ಲವನ್ನೂ ಉಳಿಸಿಕೊಳ್ಳಬೇಕೆನಿಸಿದರೆ ಮಿಡಿಯಲ್ಲಿ ಸ್ವರವನ್ನು ಮನೆಯಿಂದ ತುಸು ಮೇಲೆ ಕೆಳಗೆ ಬಾಗಿಸುವ ಪಿಚ್ ಬೆಂಡ್ ಇದೆ. ಅದರ ಮೌಲ್ಯ 0ಯಿಂದ 16383, ನಡುವಿನ 8192 ಎಂದರೆ ಬಾಗು ಇಲ್ಲ. ಸಾಮಾನ್ಯವಾಗಿ ಮೇಲೆ ಎರಡು, ಕೆಳಗೆ ಎರಡು ಸೆಮಿಟೋನಿನಷ್ಟು ಬಾಗುವ ಹಾಗೆ ಹೊಂದಿಸಿರುತ್ತಾರೆ, ಆಗ ಒಂದು ಸೆಂಟಿಗೆ ಹತ್ತಿರ ಹತ್ತಿರ 41 ಮೆಟ್ಟಿಲು. ಗಾಯಕಿಯ ರಿಯನ್ನು ಅವರು ಹಾಡಿದ 62.45ರಲ್ಲೇ ಇಡಬೇಕಾದರೆ 62ನೇ ಸ್ವರ ಕೊಟ್ಟು ಬೆಂಡನ್ನು 10035ಕ್ಕೆ ಇಡಬೇಕು. ಬೆಂಡ್ ಒಂದು ಚಾನೆಲ್ಲಿಗೆಲ್ಲ ಒಟ್ಟಿಗೆ ಅನ್ವಯಿಸುತ್ತದೆ, ಒಂದೇ ಕಂಠದ ಹಾಡಿಗೆ ಅದು ತೊಂದರೆಯಲ್ಲ. ತೊಂದರೆ ಇರುವುದು ನುಡಿಸುವ ಕಡೆ. ಅಲ್ಲಿನ ವಾದ್ಯದ ಬೆಂಡ್ ವ್ಯಾಪ್ತಿ ಎರಡರ ಬದಲು 12 ಸೆಮಿಟೋನ್ ಎಂದಿದ್ದರೆ, ಅದೇ 45 ಸೆಂಟ್ ಆರು ಪಟ್ಟಾಗಿ 270 ಸೆಂಟ್ ಆಗುತ್ತದೆ. ಫೈಲಿನಲ್ಲಿ ಎಲ್ಲವೂ ಸರಿಯಿದ್ದೂ ಹಾಡು ಹುಚ್ಚಾಪಟ್ಟೆ ತೂಗಾಡಿದರೆ ಎರಡೂ ಕಡೆಯ ಬೆಂಡ್ ವ್ಯಾಪ್ತಿ ಒಂದೇ ಇದೆಯೇ ಎಂದು ನೋಡಿ. ಫೈಲಿನ ಆರಂಭದಲ್ಲೇ ಆ ವ್ಯಾಪ್ತಿಯನ್ನು ಹೇಳುವ ಸಂದೇಶವೊಂದನ್ನು ಸೇರಿಸಿಟ್ಟರೆ, ಅದನ್ನು ಪಾಲಿಸುವ ವಾದ್ಯಗಳಲ್ಲಾದರೂ ಈ ಗೊಂದಲ ಬರುವುದಿಲ್ಲ.